ಕಬ್ಬಿನ ಬಿಲ್ಲೇ ಮೇಲು: ‘ರೇಸ್ ಕೇನ್’ ತಲೆಬರಹಕ್ಕೆ ಕನ್ನಡದಲ್ಲಿ ಯಾವ ದಾರಿ?

ಸಕ್ಕರೆ ಕಾರ್ಖಾನೆ ಬಾಕಿ ಉಳಿಸಿಕೊಂಡಿದೆ, ರೈತರು ಧರಣಿ ಕೂತಿದ್ದಾರೆ ಅಂದುಕೊಳ್ಳಿ. ಇಂಗ್ಲಿಷ್ ಕಾಪಿಯ ಮೇಲೆ ‘ಫಾರ್ಮರ್ಸ್ ರೇಸ್ ಕೇನ್ ಓವರ್ ಡ್ಯೂಸ್’ ಎಂಬ ಹೆಡ್ಡಿಂಗ್ ಇದೆ. ಕೇನ್ ಅಂದರೆ ಕಬ್ಬು, ರೇಸ್ ಅಂದರೆ ಬೆಳೆಯುವುದು, ಎತ್ತುವುದೂ ಹೌದು. ಆದರೆ ಅದೇ ಉಚ್ಚಾರದ ಇನ್ನೊಬ್ಬ ಕೇನ್ ಇದ್ದಾನೆ. ಬೈಬಲಿನಲ್ಲಿ ತಮ್ಮನನ್ನು ಕೊಂದವನು, ಕನ್ನಡ ಬೈಬಲಿನ ಕಾಯಿನ. ಅವನ ಹೆಸರಿನಿಂದ ಬಂದ ನುಡಿಗಟ್ಟಿಗೆ ಗಲಾಟೆ ಎಬ್ಬಿಸು ಎಂಬ ಅರ್ಥ. ಎರಡರ ಸ್ಪೆಲ್ಲಿಂಗ್ ಬೇರೆ, ಸದ್ದು ಒಂದೇ. ಇಂಗ್ಲಿಷ್ ಓದುಗನಿಗೆ ಆಟ ಕಣ್ಣಿಗೇ ಕಾಣುತ್ತದೆ. ಕನ್ನಡ ಲಿಪಿಯಲ್ಲಿ ಎರಡೂ ‘ಕೇನ್’ ಆಗಿಬಿಡುವುದರಿಂದ ಅಲ್ಲಿಗೇ ಆಟ ಮುಗಿಯಿತು.

ಇದನ್ನು ಕನ್ನಡಕ್ಕೆ ತರುವ ದಾರಿಗಳಲ್ಲಿ ನನ್ನ ಮೆಚ್ಚಿನದು ಒಂದೇ: ಇಂಗ್ಲಿಷಿನ ಶ್ಲೇಷೆಯನ್ನು ಪೂರ್ತಿ ಕೈಬಿಟ್ಟು, ಅದೇ ಸುದ್ದಿಯೊಳಗಿನ ಕನ್ನಡ ಪದದಿಂದ ಬೇರೊಂದು ಶ್ಲೇಷೆ ಕಟ್ಟುವುದು. ಉಳಿದವನ್ನೂ ಇದೇ ಸುದ್ದಿಗೆ ಹಚ್ಚಿ ನೋಡಿದ್ದೇನೆ.

ಪದಕ್ಕೆ ಪದ ಇಟ್ಟರೆ ‘ಬಾಕಿಗಾಗಿ ಕಬ್ಬು ಎತ್ತಿದ ರೈತರು’ ಆಗುತ್ತದೆ. ಇದು ಸಪ್ಪೆ ಮಾತ್ರವಲ್ಲ, ತಪ್ಪು ಸುದ್ದಿ. ಕಾರ್ಖಾನೆ ಅಂಗಳದ ಕಬ್ಬನ್ನು ರೈತರು ಎತ್ತಿಕೊಂಡು ಹೋದರು ಎಂದೇ ಓದುಗ ತಿಳಿಯುತ್ತಾನೆ. ಇಂಗ್ಲಿಷನ್ನೇ ಕನ್ನಡ ಅಕ್ಷರದಲ್ಲಿ ಇಳಿಸಿ ‘ರೈತರ ರೇಸ್ ಕೇನ್’ ಎಂದರೆ ಓಟದ ಸ್ಪರ್ಧೆ ಅನ್ನಿಸುತ್ತದೆ, ಅದನ್ನು ಬಿಡಿ.

‘ಕಬ್ಬಿನ ಬಾಕಿ: ರೈತರ ಧರಣಿ’ ಎಂಬ ನೇರ ತಲೆಬರಹಕ್ಕೆ ನನ್ನ ತಕರಾರಿಲ್ಲ. ಸಾವು, ಗಾಯ, ಲಾಠಿ ಇರುವ ಸುದ್ದಿಗೆ ಇದೇ ಸರಿ, ಅಲ್ಲಿ ಪದದಾಟ ಬೇಡ. ಆದರೆ ಇಂಗ್ಲಿಷಿನ ಆ ಹೆಡ್ಡಿಂಗಿನಲ್ಲಿದ್ದ ತುಂಟತನ ಇದರಲ್ಲಿ ಇಲ್ಲ.

ಪ್ರಾಸದ ದಾರಿ ಕೆಟ್ಟದ್ದಲ್ಲ. ‘ಕಬ್ಬು ಕೊಟ್ಟವರ ಕೈ ಖಾಲಿ’ ನಾಲ್ಕೇ ಪದ, ಎರಡು ಕಾಲಂನಲ್ಲಿ ಹಿಡಿಯುತ್ತದೆ, ಅರ್ಥವೂ ಕೂಡಲೇ ಸಿಗುತ್ತದೆ. ಕೊರತೆ ಒಂದೇ, ಧರಣಿಯ ಸುಳಿವಿಲ್ಲ. ರೈತರು ಸುಮ್ಮನೆ ಕೈ ಕಟ್ಟಿ ಕೂತಂತೆ ಕಾಣುತ್ತದೆ. ಗಾದೆ ತಿರುಚುವವರೂ ಇದ್ದಾರೆ. ‘ಕಬ್ಬು ಡೊಂಕಾದರೆ ಸಿಹಿ ಡೊಂಕೇ’ ಎಂಬುದು ಎಲ್ಲರ ಬಾಯಲ್ಲಿದೆ ನಿಜ, ಆದರೆ ಬಾಕಿಗೂ ಅದಕ್ಕೂ ಸಂಬಂಧ ಹಚ್ಚಲು ಇನ್ನೆರಡು ಪದ ಬೇಕು, ಅಷ್ಟರಲ್ಲಿ ಕಾಲಂ ತುಂಬಿರುತ್ತದೆ. ಇನ್ನು ಸಿಹಿ-ಕಹಿ ಜೋಡಿಯನ್ನು ಹಂಗಾಮಿಗೊಮ್ಮೆ ಎಲ್ಲರೂ ಬಳಸಿ ಸವೆಸಿದ್ದಾರೆ.

ಈಗ ಹೊಸ ಶ್ಲೇಷೆಗೆ ಬರೋಣ. ಮೊದಲು ಸುದ್ದಿಯ ಸಾರವನ್ನು ಸಪ್ಪೆ ಕನ್ನಡದಲ್ಲಿ ಒಂದೇ ಸಾಲಿಗೆ ಇಳಿಸಬೇಕು: ಕಬ್ಬಿನ ಬಿಲ್ ಕೊಡಿ ಎಂದು ರೈತರು ಕಾರ್ಖಾನೆ ಎದುರು ಧರಣಿ ಕೂತಿದ್ದಾರೆ. ಆಮೇಲೆ ಆ ಸುದ್ದಿಯಲ್ಲಿ ಜನ ದಿನಾ ಆಡುವ ಪದಗಳನ್ನು ಬರೆದಿಡಬೇಕು: ಬಿಲ್, ಬಾಕಿ, ತೂಕ, ಕಟಾವು, ಜಲ್ಲೆ, ನುರಿಸು, ಹಂಗಾಮು. ಇವುಗಳಲ್ಲಿ ಯಾವುದಕ್ಕೆ ಎರಡನೆಯ ಅರ್ಥ ಇದೆ ಎಂದು ನೋಡಬೇಕು. ತೂಕಕ್ಕೆ ಇದೆ, ಆದರೆ ಅದು ತೂಕದ ಮೋಸದ ಸುದ್ದಿಗೆ ಹೊಂದುತ್ತದೆ, ಬಾಕಿಗಲ್ಲ. ಉಳಿದದ್ದು ನುರಿಸು ಮತ್ತು ಬಿಲ್.

ತೊಡಕು ಇರುವುದು ಇಲ್ಲಿ, ತಲೆ ತಿನ್ನುವುದೂ ಇದೇ. ಕನ್ನಡದಲ್ಲಿ ಪದ ಒಂಟಿಯಾಗಿ ನಿಲ್ಲುವುದಿಲ್ಲ, ಬಾಲ ಹಚ್ಚಿಕೊಂಡೇ ವಾಕ್ಯಕ್ಕೆ ಬರುತ್ತದೆ. ನಿಘಂಟಿನಲ್ಲಿ ಎರಡರ್ಥ ಕೊಟ್ಟ ಪದ, ಪ್ರತ್ಯಯ ಹತ್ತಿದ ಕೂಡಲೇ ಒಂದೇ ಅರ್ಥಕ್ಕೆ ಇಳಿದುಬಿಡಬಹುದು. ‘ಬಾಕಿ ಉಳಿಸುವುದರಲ್ಲಿ ನುರಿತ ಕಾರ್ಖಾನೆ’ ಎಂದು ನೋಡಿ. ಪಳಗಿದ ಎಂಬ ಅರ್ಥ ಸಿಕ್ಕಿತು. ಕಬ್ಬು ಅರೆಯುವ ಅರ್ಥ? ಕಾರ್ಖಾನೆ ಕಬ್ಬನ್ನು ‘ನುರಿಸಿದೆ’, ‘ನುರಿತಿಲ್ಲ’. ‘ನುರಿಸಿದ’ ಎಂದು ಬರೆದರೆ ಪಳಗಿದ ಎಂಬ ಅರ್ಥ ಹೋಗುತ್ತದೆ, ‘ನುರಿತ’ ಎಂದು ಬರೆದರೆ ಅರೆದದ್ದು ಹೋಗುತ್ತದೆ. ಒಂದೇ ರೂಪದಲ್ಲಿ ಎರಡೂ ನಿಲ್ಲುವುದಿಲ್ಲ. ಸಾಲದ್ದಕ್ಕೆ, ಇಂಗ್ಲಿಷಿನಲ್ಲಿ ರೈತರು ಕರ್ತೃ, ಇಲ್ಲಿ ಕಾರ್ಖಾನೆ ಆರೋಪಿ. ಕಾಪಿಯಲ್ಲಿ ಇಲ್ಲದ ದೂರನ್ನು ತಲೆಬರಹ ಹೊರಿಸಿದಂತಾಯಿತು.

ಬಿಲ್ ಗೆಲ್ಲುವುದು ಇಲ್ಲೇ. ಮನ್ಮಥನ ಕೈಯಲ್ಲಿರುವುದು ಕಬ್ಬಿನ ಬಿಲ್ಲು. ಕಾಮಣ್ಣನನ್ನು ಸುಟ್ಟು ದಿನಗಟ್ಟಲೆ ಬಣ್ಣ ಆಡುವ ಬಾಗಲಕೋಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೈತ ಕಾಯುವುದು ಕಬ್ಬಿನ ಬಿಲ್. ಆದ್ದರಿಂದ: ‘ಕಬ್ಬಿನ ಬಿಲ್ಲಿಗೆ ಹೆದೆಯೇರಿಸಿದ ರೈತರು’.

ಇದು ನಿಲ್ಲಲು ಕಾರಣ ಚತುರ್ಥಿ. ಬಿಲ್ಲಿಗೆ ಹೆದೆ ಏರಿಸುತ್ತಾರೆ, ಬಿಲ್ಲಿಗೆ ಜಗಳ ತೆಗೆಯುತ್ತಾರೆ. ಎರಡು ಅರ್ಥಕ್ಕೂ ಒಂದೇ ‘ಗೆ’ ಸಾಕು. ಬಿಲ್ಲಿನ, ಬಿಲ್ಲನ್ನು ಎಂಬ ರೂಪಗಳೂ ನಡೆಯುತ್ತವೆ. ಪ್ರಥಮೆಯಲ್ಲಿ ಮಾತ್ರ ಎಚ್ಚರ ಬೇಕು. ಈಗಿನ ಅಚ್ಚಿನಲ್ಲಿ ಹಣದ್ದು ‘ಬಿಲ್’, ಬಾಣ ಹೂಡುವುದು ‘ಬಿಲ್ಲು’, ಹಾಗಾಗಿ ಕಣ್ಣಿಗೆ ಬೇರೆಯಾಗುತ್ತವೆ. ಮಾತಿನಲ್ಲಿ ಈ ಗೋಳಿಲ್ಲ, ನಮ್ಮ ಕಡೆ ‘ಬಿಲ್ಲ ಬಂತೇನ್ರಿ?’ ಅಂದಾಗ ಎರಡೂ ಒಂದೇ. ಇನ್ನೊಂದು ಅಡ್ಡಿ ಡೆಸ್ಕಿನ ಶೈಲಿ ಕೈಪಿಡಿ. ಇಂಗ್ಲಿಷ್ ಪದಕ್ಕೆ ‘ಬಿಲ್‌ಗೆ’ ಎಂದೇ ಬರೆಯಬೇಕು ಎಂಬ ನಿಯಮ ಇದ್ದರೆ, ತಿದ್ದುವವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ‘ಬಿಲ್‌ಗೆ’ ಮಾಡಿ ಶ್ಲೇಷೆಯನ್ನು ಕೊಂದುಬಿಡುತ್ತಾರೆ. ಕಾಪಿಯ ಪಕ್ಕದಲ್ಲಿ ‘ರೂಪ ಬದಲಿಸಬೇಡಿ’ ಎಂದು ಬರೆದು ಕಳಿಸುವುದು ಒಳ್ಳೆಯದು. ಒಂಟಿ ಉದ್ಧರಣ ಚಿಹ್ನೆ ಬೇಕೆಂದರೆ ಇಡೀ ಪದಕ್ಕೆ ಹಾಕಿ. ‘ಬಿಲ್ಲಿ’ಗೆ ಎಂದು ಪದದ ನಡುವೆ ಮುರಿದರೆ ಓದುವ ಕಣ್ಣು ಎಡವುತ್ತದೆ.

ಶ್ಲೇಷೆ ಹತ್ತದ ಓದುಗನಿಗೂ ಸುದ್ದಿ ತಲುಪಬೇಕು. ಬಿಲ್ಲು ಮಾತ್ರ ಕಂಡವನಿಗೆ ಇದು ಯಾವುದೋ ಬಯಲಾಟದ ವರದಿ ಅನ್ನಿಸೀತು. ಹಾಗಾಗಿ ಉಪಶೀರ್ಷಿಕೆ ಮಾತ್ರ ಪಕ್ಕಾ ನೇರ: ‘14 ದಿನದ ಗಡುವು ಮೀರಿದರೂ ಬಾರದ ಹಣ, ಕಾರ್ಖಾನೆ ಎದುರು ಧರಣಿ’. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇ 15 ಬಡ್ಡಿ. ರೈತರ ಮಾತಿಗೆ ಆಧಾರ ಅದೇ ಆದ್ದರಿಂದ ಆ ಅಂಕಿ ಮೇಲೆಯೇ ಇರಲಿ. ಮೊಬೈಲ್ ನೋಟಿಫಿಕೇಶನ್ನಿನಲ್ಲಿ ಉಪಶೀರ್ಷಿಕೆ ಕಾಣುವ ಭರವಸೆ ಇಲ್ಲ, ಅಲ್ಲಿಗೆ ‘ಕಬ್ಬಿನ ಬಾಕಿ: ರೈತರ ಧರಣಿ’ಯೇ ಹೋಗಲಿ. ಗೂಗಲ್‌ನಲ್ಲಿ ಹುಡುಕುವವರೂ ‘ಹೆದೆ’ ಎಂದು ಹುಡುಕುವುದಿಲ್ಲ.

ಹೆದೆ ಏರಿಸುವುದು ಹೋರಾಟಕ್ಕೆ ಅಣಿಯಾಗುವ ಮಾತು. ಬರೀ ಮನವಿ ಕೊಟ್ಟು ಬಂದ ಸುದ್ದಿಗೆ ಇದು ಅತಿಯಾಯಿತು.

ಕೈಯಲ್ಲಿ ಅರ್ಧ ಗಂಟೆ ಇದ್ದರೆ ನಾನು ಹೊಸ ಶ್ಲೇಷೆಯನ್ನೇ ಹುಡುಕುತ್ತೇನೆ. ಪುಟ ಮುಗಿಯಲು ಹತ್ತು ನಿಮಿಷ ಇದೆ ಅಂದರೆ ಪ್ರಾಸಕ್ಕೆ ಇಳಿಯುತ್ತೇನೆ. ಪದದ ಲೆಕ್ಕದಲ್ಲಿ ದುಡ್ಡು ಪಡೆಯುವ ಅನುವಾದಕರಿಗೆ ನಾಲ್ಕು ಪದದ ಮೇಲೆ ಅರ್ಧ ಗಂಟೆ ಕಳೆಯುವುದು ಗಿಟ್ಟುವುದಿಲ್ಲ, ಅವರು ನೇರ ತಲೆಬರಹ ಕೊಟ್ಟು ಶ್ಲೇಷೆಯನ್ನು ಡೆಸ್ಕಿಗೆ ಬಿಡಲಿ. ಡೆಸ್ಕಿನಲ್ಲೇ ಕೂತವರಿಗೆ ಇನ್ನೊಂದು ಲಾಭ ಇದೆ: ಕಾರ್ಖಾನೆ ಹಣ ಬಿಡುಗಡೆ ಮಾಡಿದ ದಿನದ ಸುದ್ದಿಗೂ ಅದೇ ಪದ ಸಿಗುತ್ತದೆ, ‘ಕಬ್ಬಿನ ಬಿಲ್ಲಿಗೆ ಮಣಿದ ಕಾರ್ಖಾನೆ’.