ಡ್ಯಾಶ್‌ಬೋರ್ಡ್ ಪರಿಷ್ಕರಣೆಗೆ ಕೊಡುವ ಮುನ್ನ ಅದು ಯಾರ ಖಾತೆಯಲ್ಲಿದೆ ಎಂದು ನೋಡಿಕೊಳ್ಳಿ

ಕೊಡಗಿನ ನಾಪೋಕ್ಲು ಸುತ್ತಮುತ್ತಲಿನ ನಾವು ಕೆಲವು ಕಾಫಿ ಬೆಳೆಗಾರರು ನಮ್ಮ ತೋಟಗಳ ಮಳೆಮಾಪಕದ ಲೆಕ್ಕವನ್ನು ಪ್ರತಿದಿನ ಬೆಳಿಗ್ಗೆ ಇಂಚು ಮತ್ತು ಇಂಚಿನ ನೂರನೇ ಒಂದು ಭಾಗವಾದ ಸೆಂಟುಗಳಲ್ಲಿ ಒಂದು ಗೂಗಲ್ ಶೀಟಿಗೆ ತುಂಬುತ್ತೇವೆ. ಆ ಶೀಟಿನಿಂದ ಲುಕರ್ ಸ್ಟುಡಿಯೊ ಎಂಬ ಗೂಗಲಿನ ವರದಿ ತಯಾರಿಸುವ ಸಾಧನದಲ್ಲಿ ಮಾಡಿಸಿದ ಡ್ಯಾಶ್‌ಬೋರ್ಡ್ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ನಮ್ಮ ಗುಂಪಿನ ಜಾಲತಾಣದಲ್ಲಿ ಅದನ್ನು ಅಳವಡಿಸಿದ್ದೆವು, ಅದರ ಕ್ಯೂಆರ್ ಕೋಡನ್ನು ಈ ವರ್ಷದ ಮುನ್ನೂರು ಕ್ಯಾಲೆಂಡರುಗಳ ಮೇಲೂ ಅಚ್ಚು ಹಾಕಿಸಿದ್ದೆವು. ಕಾಫಿ ಹೂ ಅರಳಿಸುವ ಹೂಮಳೆಯ ಸಮಯದಲ್ಲಿ ಪಕ್ಕದ ಊರಿಗೆ ಎಷ್ಟು ಬಿದ್ದಿತು, ಸ್ಪ್ರಿಂಕ್ಲರ್ ಹಾಕಬೇಕೇ ಇನ್ನೆರಡು ದಿನ ಕಾಯಬೇಕೇ ಎಂದು ನೋಡಲು ಎಲ್ಲರೂ ನಂಬಿದ್ದುದು ಅದನ್ನೇ.

ಫೆಬ್ರವರಿಯಲ್ಲಿ, ಹಿಂದಿನ ವರ್ಷದ ಹೂಮಳೆಯೊಂದಿಗೆ ಹೋಲಿಸುವ ಒಂದು ನಕ್ಷೆ ಸೇರಿಸಿಕೊಡಿ ಎಂದು ಅದನ್ನು ಮೊದಲು ಮಾಡಿಕೊಟ್ಟವರಿಗೇ ಆರು ಸಾವಿರ ರೂಪಾಯಿಗೆ ಕೆಲಸ ಒಪ್ಪಿಸಿದೆವು. ಕೊಂಡಿ ಬದಲಾಗಬಾರದು, ಕ್ಯಾಲೆಂಡರಿನಲ್ಲಿ ಅಚ್ಚಾಗಿದೆ ಎಂದು ನಾನೇ ಫೋನಿನಲ್ಲಿ ಎರಡು ಸಲ ಹೇಳಿದ್ದೆ. ‘ಏನೂ ಆಗುವುದಿಲ್ಲ ಸರ್, ನಾನು ನೋಡಿಕೊಳ್ಳುತ್ತೇನೆ’ ಎಂದರು.

ಹತ್ತು ದಿನಗಳ ನಂತರ ವಾಟ್ಸಾಪಿನಲ್ಲಿ ಹೊಸ ಕೊಂಡಿಯೊಂದು ಬಂತು. ಅದನ್ನು ತೆರೆದು, ನಕ್ಷೆ ಚೆನ್ನಾಗಿದೆ ಎಂದು ಧನ್ಯವಾದವನ್ನೂ ಹೇಳಿ, ಬಾಕಿ ಹಣವನ್ನೂ ಕಳಿಸಿದೆ. ಹಳೆಯ ಕೊಂಡಿಯನ್ನು ಒಮ್ಮೆ ಒತ್ತಿ ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ, ಅದಕ್ಕಾಗಿ ಇಂದಿಗೂ ನಾಚಿಕೆಯಾಗುತ್ತದೆ. ಮರುದಿನ ಬೆಳಿಗ್ಗೆ ಹಿರಿಯ ಬೆಳೆಗಾರರೊಬ್ಬರು ಕರೆ ಮಾಡಿ, ‘ಕ್ಯಾಲೆಂಡರಿನದು ತೆರೆಯುತ್ತಿಲ್ಲವಲ್ಲ, ನಿಲ್ಲಿಸಿಬಿಟ್ಟಿರಾ?’ ಎಂದು ಕೇಳಿದರು. ಜಾಲತಾಣದಲ್ಲಿ ನೋಡಿದರೆ ಡ್ಯಾಶ್‌ಬೋರ್ಡ್ ಇದ್ದ ಜಾಗದಲ್ಲಿ ಬೂದು ಬಣ್ಣದ ಚೌಕ, ಅದರೊಳಗೆ ದೋಷದ ಸಂದೇಶ.

ಡ್ಯಾಶ್‌ಬೋರ್ಡ್ ಮಾಡಿಕೊಟ್ಟವರು ಮಾಡಿದ್ದು ಇಷ್ಟು. ಇದ್ದ ವರದಿಯನ್ನೇ ತಿದ್ದುವ ಬದಲು ಅದರ ಪ್ರತಿ ಮಾಡಿಕೊಂಡು, ಪ್ರತಿಯಲ್ಲಿ ಕೆಲಸ ಮುಗಿಸಿ, ‘ಗೊಂದಲ ಬೇಡವೆಂದು’ ಮೂಲವನ್ನು ಅಳಿಸಿದ್ದರು. ಲುಕರ್ ಸ್ಟುಡಿಯೊದಲ್ಲಿ ವರದಿಯ ಹೆಸರನ್ನು ನೂರು ಸಲ ಬದಲಿಸಿದರೂ ಕೊಂಡಿಗೆ ಏನೂ ಆಗುವುದಿಲ್ಲ, ಏಕೆಂದರೆ ಕೊಂಡಿ ನಿಂತಿರುವುದು ಹೆಸರಿನ ಮೇಲಲ್ಲ, ವರದಿಗೆ ಹುಟ್ಟುವಾಗಲೇ ಸಿಗುವ ಐಡಿಯ ಮೇಲೆ.

```
https://lookerstudio.google.com/embed/reporting/ವರದಿಯ-ಐಡಿ/page/ಪುಟದ-ಐಡಿ
```

ಪ್ರತಿ ಮಾಡಿದ ಕೂಡಲೇ ಅದಕ್ಕೆ ಬೇರೆಯೇ ಐಡಿ ಬರುತ್ತದೆ, ಹಳೆಯ ಐಡಿಯನ್ನು ಹೊಸ ವರದಿಗೆ ಅಂಟಿಸಲು ಯಾವ ದಾರಿಯೂ ಇಲ್ಲ.

ಇದನ್ನು ಕೇಳಿದಾಗ ಬಂದ ಮೊದಲ ಉತ್ತರ, ‘ಹೊಸ ಲಿಂಕ್ ಕಳಿಸಿದ್ದೇನಲ್ಲ ಸರ್.’ ಕ್ಯಾಲೆಂಡರಿನ ವಿಷಯ ನೆನಪಿಸಿದಾಗ, ‘ಅದು ಪ್ರಿಂಟಿಂಗ್‌ನವರ ಕೆಲಸ.’ ಜಾಲತಾಣದಲ್ಲಿ ಹೊಸ ಐಡಿ ಹಾಕಿದ ಮೇಲೂ ಯಾರಿಗೂ ತೆರೆಯದಿದ್ದಾಗ, ‘ನನ್ನ ಕಡೆ ಸರಿಯಾಗಿ ಕಾಣುತ್ತಿದೆ.’ ಅವರಿಗೆ ಕಾಣದೆ ಇನ್ನೇನು, ಅವರೇ ಮಾಲೀಕರು! ಪ್ರತಿ ಮಾಡಿದಾಗ ಹಳೆಯ ವರದಿಯ ಹಂಚಿಕೆಯ ಅನುಮತಿ ಅದರ ಜೊತೆ ಬರುವುದಿಲ್ಲ. ನನಗೆ ಮಾತ್ರ ನೋಡುವ ಅನುಮತಿ ಕೊಟ್ಟಿದ್ದರಿಂದ ನನಗೂ ಕಂಡಿತ್ತು, ಉಳಿದವರಿಗೆ ಬಾಗಿಲು ಮುಚ್ಚಿತ್ತು.

ಪ್ರತಿ ಮಾಡಿದ್ದೇಕೆ ಎಂದರೆ, ಅರ್ಧ ತಿದ್ದಿದ ಕೆಲಸ ಎಲ್ಲರಿಗೂ ಕಾಣಬಾರದೆಂದು ಎಂದರು. ಆ ಚಿಂತೆ ನ್ಯಾಯವಾದದ್ದೇ, ಏಕೆಂದರೆ ಸಾಮಾನ್ಯವಾಗಿ ಅಲ್ಲಿ ಮಾಡಿದ ತಿದ್ದುಪಡಿ ನೋಡುವವರಿಗೆ ಆಗಲೇ ಕಾಣಿಸುತ್ತದೆ. ಆದರೆ ಫೈಲ್ ಮೆನುವಿನಲ್ಲಿ ಪ್ರಕಟಣೆಯನ್ನು ನಾವೇ ಕೈಯಾರೆ ಮಾಡುವಂತೆ ಬದಲಿಸಿಕೊಂಡರೆ, ತಿದ್ದಿ ಪ್ರಕಟಿಸುವ ತನಕ ಎಲ್ಲರೂ ಹಳೆಯದನ್ನೇ ನೋಡುತ್ತಾರೆ, ಪ್ರಕಟಿಸಿದ ಕ್ಷಣದಲ್ಲಿ ಅದೇ ಕೊಂಡಿಯಲ್ಲಿ ಹೊಸದು ಬರುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲವೋ, ಬೇಕೆಂದೇ ಮಾಡಿದರೋ ನಾನು ಹೇಳಲಾರೆ. ಎಲ್ಲ ಕಡೆ ಕೊಂಡಿ ಬದಲಿಸಿಕೊಡಲು ಮತ್ತೆ ನಾಲ್ಕು ಸಾವಿರ ಕೇಳಿದ್ದನ್ನಂತೂ ಮರೆಯಲಾರೆ.

ಅಳಿಸಿದ ವರದಿ ಮಾಲೀಕರ ಖಾತೆಯ ಕಸದ ಬುಟ್ಟಿಯಲ್ಲಿರುತ್ತದೆ, ಅಲ್ಲಿಂದ ಮರಳಿಸಿದರೆ ಹಳೆಯ ಐಡಿಯೊಂದಿಗೇ ಬರುತ್ತದೆ ಎಂದು ಮಡಿಕೇರಿಯ ಪರಿಚಿತರೊಬ್ಬರು ಹೇಳಿದರು. ಎರಡು ವರ್ಷ ನಮ್ಮದೆಂದು ತಿಳಿದಿದ್ದ ಡ್ಯಾಶ್‌ಬೋರ್ಡ್ ಅದನ್ನು ಮಾಡಿಕೊಟ್ಟವರ ಸ್ವಂತ ಖಾತೆಯಲ್ಲಿತ್ತು, ನಮಗಿದ್ದುದು ತಿದ್ದುವ ಅನುಮತಿ ಮಾತ್ರ ಎಂದು ನನಗೆ ಅರಿವಾದದ್ದು ಆಗಲೇ. ಮರಳಿಸಿಕೊಡಿ ಎಂದು ಬೇಡಿಕೊಂಡೆ. ‘ಬುಟ್ಟಿ ಖಾಲಿ ಮಾಡಿದ್ದೇನೆ’ ಎಂಬ ಒಂದು ಸಾಲು ಬಂತು, ಅದೇ ಕೊನೆ.

ನಿಮ್ಮದು ಯಾರ ಖಾತೆಯಲ್ಲಿದೆ ಎಂದು ಇಂದೇ ನೋಡಿ, ಮಾಲೀಕತ್ವ ನಿಮಗೆ ವರ್ಗವಾಗದೆ ಬಾಕಿ ಹಣ ಕೊಡಬೇಡಿ. ಹಳೆಯ ಕೊಂಡಿಯನ್ನೂ ಅಳವಡಿಸಿದ ಪುಟವನ್ನೂ ಲಾಗಿನ್ ಇಲ್ಲದ ಕಿಟಕಿಯಲ್ಲಿ ತೆರೆದು ನೋಡಿ. ಅಚ್ಚು ಹಾಕಿಸುವುದಿದ್ದರೆ ವರದಿಯ ಕೊಂಡಿಯನ್ನಲ್ಲ, ಅದನ್ನು ಅಳವಡಿಸಿದ ನಿಮ್ಮ ಜಾಲತಾಣದ ಪುಟದ ವಿಳಾಸವನ್ನೇ ಹಾಕಿಸಿ. ಆಗ ಏನಾದರೂ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು.

ಈಗ ನಮ್ಮ ಗುಂಪಿನದೇ ಖಾತೆಯಲ್ಲಿ ವರದಿಯನ್ನು ಮೊದಲಿನಿಂದ ಕಟ್ಟಿದ್ದೇವೆ. ಕ್ಯೂಆರ್ ಚೀಟಿ ಹಿಡಿದು ಮನೆಮನೆಗೆ ಹೋಗಿ ಕ್ಯಾಲೆಂಡರಿನ ಮೇಲೆ ಅಂಟಿಸುತ್ತಿದ್ದೇನೆ. ಇನ್ನೂ ನೂರಕ್ಕೂ ಹೆಚ್ಚು ಮನೆಗಳು ಉಳಿದಿವೆ.