ಮುನ್ನೂರರ ಟಿಕೆಟ್, ನಸುಕಿನ ಟೋಕನ್, ಡಿಪ್: ತಿರುಮಲಕ್ಕೆ ನಾನು ಹೋದ ದಾರಿಗಳು

ಕಳೆದ ಮೂರು ವರ್ಷದಲ್ಲಿ ತಿಮ್ಮಪ್ಪನ ದರ್ಶನಕ್ಕೆ ನಾಲ್ಕು ಸಲ ಹೋಗಿದ್ದೇನೆ. ನಾಲ್ಕೂ ಸಲ ಬೇರೆ ಬೇರೆ ದಾರಿ. ಬೇಕಂತ ಹಾಗೆ ಮಾಡಿದ್ದಲ್ಲ. ಒಂದು ಸಲ ಆನ್‌ಲೈನ್ ಟಿಕೆಟ್ ಸಿಕ್ಕಿತು, ಇನ್ನೊಂದು ಸಲ ಸಿಗಲಿಲ್ಲ, ಮತ್ತೊಂದು ಸಲ ಏನೂ ಯೋಚಿಸದೆ ರಾತ್ರಿ ಬಸ್ ಹತ್ತಿಬಿಟ್ಟೆವು. ಈಗ ನೆಂಟರಲ್ಲಿ ಯಾರಾದರೂ ತಿರುಪತಿ ಅಂದರೆ ಫೋನ್ ನನಗೇ ಬರುತ್ತದೆ. ಪ್ರತಿ ಸಲ ಅದನ್ನೇ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಮೊದಲು ಎಲ್ಲರೂ ಕೇಳುವ ಮುನ್ನೂರು ರೂಪಾಯಿ ಟಿಕೆಟ್. ಇದರ ಹೆಸರು ವಿಶೇಷ ಪ್ರವೇಶ ದರ್ಶನ. ನಾನು ಬುಕ್ ಮಾಡಿದಾಗ ಇದ್ದ ಕ್ರಮ ಹೀಗಿತ್ತು: ತಿಂಗಳ 24ನೇ ತಾರೀಕು ಬೆಳಗ್ಗೆ 10ಕ್ಕೆ, ಮೂರು ತಿಂಗಳು ಮುಂದಿನ ಇಡೀ ತಿಂಗಳ ಟಿಕೆಟ್ ಒಟ್ಟಿಗೆ ಬಿಡುತ್ತಾರೆ. ಅದೇ ದಿನ ಮಧ್ಯಾಹ್ನ 3ಕ್ಕೆ ರೂಮುಗಳು. ಈ ತಾರೀಕುಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಒಂದು ವಾರ ಮುಂಚೆ ttdevasthanams.ap.gov.in ತೆರೆದು ಅಲ್ಲಿ ಏನು ಹಾಕಿದ್ದಾರೆ ನೋಡಿಕೊಳ್ಳಿ.

ಹತ್ತು ಗಂಟೆಗೆ ಸೈಟ್ ತೆರೆದರೆ ನೇರ ಒಳಗೆ ಹೋಗುವುದಿಲ್ಲ. ಅಲ್ಲೂ ಒಂದು ಕ್ಯೂ. ಇನ್ನೆಷ್ಟು ನಿಮಿಷ ಕಾಯಬೇಕು ಅಂತ ತೋರಿಸುತ್ತದೆ. ಆ ಪುಟವನ್ನು ರಿಫ್ರೆಶ್ ಮಾಡಬೇಡಿ. ನಾನು ಮೊದಲ ಸಲ ಗಾಬರಿಯಲ್ಲಿ ರಿಫ್ರೆಶ್ ಮಾಡಿ ಮತ್ತೆ ಸಾಲಿನ ಕೊನೆಗೆ ಹೋಗಿದ್ದೆ. ಒಳಗೆ ಹೋದ ಮೇಲೆ ಕ್ಯಾಲೆಂಡರ್ ಬರುತ್ತದೆ. ಹಸಿರು ಇದ್ದರೆ ಟಿಕೆಟ್ ಇದೆ, ಕೆಂಪಾದರೆ ಆ ದಿನದ ಕೋಟಾ ಮುಗಿಯಿತು. ಶನಿವಾರ, ಭಾನುವಾರಗಳು ಕಣ್ಣೆದುರೇ ಕೆಂಪಾಗುತ್ತವೆ. ನಮ್ಮ ಕೈಗೆ ಸಿಕ್ಕಿದ್ದು ಒಂದು ಬುಧವಾರ.

ಸಮಯ ತಿನ್ನುವುದು ದಿನ ಆರಿಸುವ ಕೆಲಸ ಅಲ್ಲ, ಹೆಸರು ತುಂಬುವ ಕೆಲಸ. ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿಯ ನಂಬರ್ ಹಾಕಬೇಕು. ನನ್ನ ಹೆಂಡತಿ ಎಲ್ಲರ ಆಧಾರ್ ವಿವರವನ್ನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದು ಪಕ್ಕದಲ್ಲಿಟ್ಟಿದ್ದಳು. ಅವಳು ಓದಿದಳು, ನಾನು ಟೈಪ್ ಮಾಡಿದೆ. ಆ ಹಾಳೆ ಇಲ್ಲದಿದ್ದರೆ ಟಿಕೆಟ್ ಸಿಗುತ್ತಿರಲಿಲ್ಲ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಈ ಟಿಕೆಟ್‌ನ ಮುಳ್ಳು ಇರುವುದೂ ಆ ಹೆಸರಿನಲ್ಲೇ. ಅಮ್ಮ, ನಾವಿಬ್ಬರು, ನನ್ನ ತಂಗಿ, ಒಟ್ಟು ನಾಲ್ಕು ಟಿಕೆಟ್ ಮಾಡಿಸಿದ್ದೆ. ಹೊರಡಲು ಹತ್ತು ದಿನ ಇದ್ದಾಗ ತಂಗಿಗೆ ರಜೆ ಸಿಗಲಿಲ್ಲ. ಅವಳ ಬದಲು ಚಿಕ್ಕಮ್ಮ ಬರಲಿ ಅಂದರು ಅಮ್ಮ. ಆಗುವುದಿಲ್ಲ. ಹೆಸರು ಬದಲಿಸುವಂತಿಲ್ಲ, ದಿನ ಮುಂದೆ ಹಾಕುವಂತಿಲ್ಲ, ದುಡ್ಡು ವಾಪಸ್ ಇಲ್ಲ. ಇದೆಲ್ಲ ಟಿಕೆಟ್ ಮಾಡುವಾಗಲೇ ಬರೆದಿರುತ್ತದೆ, ಓದುವ ವ್ಯವಧಾನ ಯಾರಿಗಿರುತ್ತದೆ ಹೇಳಿ. ಮುನ್ನೂರು ರೂಪಾಯಿ ದೊಡ್ಡದಲ್ಲ. ಆದರೆ ಚಿಕ್ಕಮ್ಮನಿಗೆ ಅದನ್ನು ಅರ್ಥ ಮಾಡಿಸುವುದು ದೊಡ್ಡ ಕೆಲಸವಾಯಿತು.

ದರ್ಶನದ ದಿನ ಟಿಕೆಟ್‌ನಲ್ಲಿದ್ದ ಹೊತ್ತಿಗೆ ಸರಿಯಾಗಿ ಬೆಟ್ಟದ ಮೇಲೆ ಎಟಿಸಿ ಅನ್ನುವ ಜಾಗದ ಹತ್ತಿರ ಸಾಲಿಗೆ ನಿಂತೆವು. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯ ಅಸಲೇ ಕೈಯಲ್ಲಿರಬೇಕು. ಮೊಬೈಲ್ ಒಳಗೆ ಬಿಡುವುದಿಲ್ಲ, ಆದ್ದರಿಂದ ಮೊಬೈಲ್‌ನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ. ಟಿಕೆಟ್‌ನ ಪ್ರಿಂಟ್ ಕೂಡ ಇರಲಿ. ಗಂಡಸರಿಗೆ ಪಂಚೆ ಅಥವಾ ಕುರ್ತಾ ಪೈಜಾಮ, ಹೆಂಗಸರಿಗೆ ಸೀರೆ ಇಲ್ಲವೇ ದುಪಟ್ಟಾ ಇರುವ ಚೂಡಿದಾರ್. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ. ನಮಗೆ ಒಳಗೆ ಹೋಗಿ ಹೊರಬರಲು ಮೂರು ಗಂಟೆ ಹಿಡಿಯಿತು. ಮಂಡಿನೋವಿನ ಅಮ್ಮನಿಗೆ ಅದೇ ಜಾಸ್ತಿಯಾಯಿತು, ಆದರೂ ತಡೆದುಕೊಂಡರು.

65 ದಾಟಿದವರಿಗೆ ಬೇರೆಯೇ ಉಚಿತ ಕೋಟಾ ಇದೆ, ಅದೂ ಆನ್‌ಲೈನ್‌ನಲ್ಲೇ. ಅಮ್ಮನಿಗೆ ಅದನ್ನೇ ಮಾಡಿಸಬಹುದಿತ್ತಲ್ಲ ಅನ್ನಬಹುದು. ಅದರಲ್ಲಿ ಜೊತೆಗೆ ಗಂಡ ಅಥವಾ ಹೆಂಡತಿ ಹೋಗಬಹುದು, ಮಕ್ಕಳು ಹೋಗುವಂತಿಲ್ಲ. ಅಪ್ಪ ಇಲ್ಲ. ಅಷ್ಟು ಜನರ ನಡುವೆ ಅಮ್ಮನನ್ನು ಒಬ್ಬರನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಗಟ್ಟಿಯಾಗಿದ್ದರೆ ಮಾತ್ರ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ.

ಎರಡನೆಯದು ಟೋಕನ್. ಎಸ್‌ಎಸ್‌ಡಿ, ಅಂದರೆ ಸ್ಲಾಟೆಡ್ ಸರ್ವದರ್ಶನ ಟೋಕನ್ ಅನ್ನುತ್ತಾರೆ, ದರ್ಶನದ ಹೊತ್ತು ಬರೆದು ಕೊಡುವ ಚೀಟಿ. ದುಡ್ಡಿಲ್ಲ, ಮುಂಗಡ ಬುಕಿಂಗ್ ಇಲ್ಲ. ಬೆಟ್ಟ ಹತ್ತುವ ಮುಂಚೆ, ಕೆಳಗೆ ತಿರುಪತಿಯಲ್ಲೇ ತೆಗೆದುಕೊಳ್ಳಬೇಕು. ರೈಲ್ವೆ ಸ್ಟೇಷನ್ ಎದುರು ವಿಷ್ಣು ನಿವಾಸಂ, ಬಸ್ ಸ್ಟ್ಯಾಂಡ್ ಎದುರು ಶ್ರೀನಿವಾಸಂ, ಅಲಿಪಿರಿ ಹತ್ತಿರ ಭೂದೇವಿ ಕಾಂಪ್ಲೆಕ್ಸ್, ಈ ಮೂರು ಕಡೆ ನಾನು ಕೌಂಟರ್ ನೋಡಿದ್ದೇನೆ. ಆ ದಿನದ ಕೋಟಾ ಮುಗಿದರೆ ಕೌಂಟರ್ ಮುಚ್ಚುತ್ತಾರೆ.

ನಾನು ಮತ್ತು ನನ್ನ ಗೆಳೆಯ ಬೆಂಗಳೂರಿನಿಂದ ರಾತ್ರಿ ಬಸ್ ಹಿಡಿದು ಎರಡೂವರೆಗೆ ತಿರುಪತಿಯಲ್ಲಿ ಇಳಿದೆವು. ಎದುರಿಗೇ ಶ್ರೀನಿವಾಸಂ. ಆಗಲೇ ಉದ್ದ ಸಾಲು. ನಾಲ್ಕೂಕಾಲಿಗೆ ಕೌಂಟರ್ ತಲುಪಿದೆವು. ಆಧಾರ್ ಕೊಟ್ಟೆ, ಕ್ಯಾಮೆರಾ ಮುಂದೆ ನಿಂತೆ, ಚೀಟಿ ಬಂತು. ಅದೇ ದಿನ ಮಧ್ಯಾಹ್ನ ಎರಡು ಗಂಟೆಗೆ. ಹೋಟೆಲ್‌ನಲ್ಲಿ ಸ್ನಾನ ಮಾಡಿ, ಇಡ್ಲಿ ತಿಂದು, ಬೆಟ್ಟದ ಬಸ್ ಹತ್ತಿದೆವು. ಕಲ್ಯಾಣಕಟ್ಟೆಯಲ್ಲಿ ಗೆಳೆಯ ಮುಡಿ ಕೊಟ್ಟ. ಎರಡಕ್ಕೆ ಒಳಗೆ ಹೋದವರು ಹೊರಗೆ ಬಂದಾಗ ಏಳು ಗಂಟೆ.

ಮುನ್ನೂರರ ಟಿಕೆಟ್‌ಗೆ ಹೋಲಿಸಿದರೆ ಒಳಗೆ ಎರಡು ಗಂಟೆ ಜಾಸ್ತಿ, ಜೊತೆಗೆ ಒಂದು ರಾತ್ರಿಯ ನಿದ್ದೆ. ಬದಲಿಗೆ ಮೂರು ತಿಂಗಳು ಮುಂಚೆ ಯೋಚಿಸುವ ತಲೆನೋವಿಲ್ಲ. ಗರ್ಭಗುಡಿ ಎದುರು ಎರಡರಲ್ಲೂ ಸಿಗುವುದು ಅಷ್ಟೇ ಕ್ಷಣ, ಎರಡರಲ್ಲೂ ‘ಜರಗಂಡಿ ಜರಗಂಡಿ’. ಮುನ್ನೂರು ಕೊಟ್ಟರೆ ಹತ್ತಿರದಿಂದ ನೋಡಬಹುದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ದುಡ್ಡು ಹೋಗುವುದು ಕಾಯುವ ಹೊತ್ತು ಕಡಿಮೆ ಮಾಡಲು, ಅಷ್ಟೇ. ಲಡ್ಡು ಕೂಡ ಇಬ್ಬರಿಗೂ ಒಂದೊಂದು ಉಚಿತ, ಹೆಚ್ಚಿಗೆ ಬೇಕಿದ್ದರೆ 50 ರೂಪಾಯಿಗೆ ಒಂದು.

ಟೋಕನ್‌ನ ತೊಂದರೆ ಅಂದರೆ, ಬರುವವರೆಲ್ಲ ಖುದ್ದಾಗಿ ಕೌಂಟರ್ ಮುಂದೆ ನಿಲ್ಲಬೇಕು. ಫೋಟೊ ತೆಗೆಯುತ್ತಾರಲ್ಲ. ಅಮ್ಮನನ್ನು ಲಾಡ್ಜ್‌ನಲ್ಲಿ ಮಲಗಿಸಿ ನಾನು ಹೋಗಿ ಅವರ ಟೋಕನ್ ತರುತ್ತೇನೆ ಅಂದರೆ ನಡೆಯುವುದಿಲ್ಲ. ಹಬ್ಬದ ದಿನಗಳಲ್ಲಂತೂ ಈ ದಾರಿ ಬೇಡವೇ ಬೇಡ. 2025ರ ಜನವರಿ 8ರ ರಾತ್ರಿ ವೈಕುಂಠ ದ್ವಾರ ದರ್ಶನದ ಟೋಕನ್‌ಗೆ ಸೇರಿದ್ದ ಜನರಲ್ಲಿ ಕಾಲ್ತುಳಿತವಾಗಿ ಆರು ಜನ ತೀರಿಕೊಂಡರು. ಅದು ಆಗಿದ್ದು ಬೆಟ್ಟದ ಮೇಲಲ್ಲ, ಕೆಳಗೆ ಟೋಕನ್ ಸಾಲಿನಲ್ಲಿ.

ಟೋಕನ್ನೂ ಇಲ್ಲದೆ ಒಮ್ಮೆ ಹೋಗಿದ್ದೇವೆ. ಬೇಸಿಗೆ ರಜೆ, ಶನಿವಾರ. ವೈಕುಂಠಂ ಕಾಂಪ್ಲೆಕ್ಸ್‌ನ ಕಂಪಾರ್ಟ್‌ಮೆಂಟ್‌ಗಳಲ್ಲಿ ಕೂತು, ಎದ್ದು, ಮತ್ತೆ ಕೂತು, ಹತ್ತೊಂಬತ್ತು ಗಂಟೆ. ಹಾಲು, ಉಪ್ಪಿಟ್ಟು, ಅನ್ನ ಎಲ್ಲ ಒಳಗೇ ಕೊಡುತ್ತಾರೆ. ಹಸಿವಿನ ಭಯ ಇಲ್ಲ. ಮಗ ಮಾತ್ರ ಇನ್ನೂ ಅದನ್ನು ‘ಆ ಜೈಲು’ ಅನ್ನುತ್ತಾನೆ. ಅವನ ಅಜ್ಜಿಯ ಎದುರು ಅನ್ನುವುದಿಲ್ಲ.

ಇನ್ನು ಸೇವೆಗಳು. ಇಲ್ಲಿ ಎರಡು ಬಗೆ ಇದೆ, ಎಲ್ಲರೂ ಗೊಂದಲ ಮಾಡಿಕೊಳ್ಳುವುದೇ ಇಲ್ಲಿ. ಸುಪ್ರಭಾತ, ತೋಮಾಲ, ಅರ್ಚನೆ, ಅಷ್ಟದಳ ಪಾದಪದ್ಮಾರಾಧನೆ, ಇವು ಡಿಪ್‌ನಲ್ಲಿ. ಅಂದರೆ ಚೀಟಿ ಎತ್ತಿದ ಹಾಗೆ. ತಿಂಗಳ 18ರ ಬೆಳಗ್ಗೆ 10ರಿಂದ 20ರ ಬೆಳಗ್ಗೆ 10ರವರೆಗೆ ಹೆಸರು ಹಾಕಬೇಕು. ಮೊದಲ ನಿಮಿಷ ಹಾಕಿದರೂ ಕೊನೆಯ ನಿಮಿಷ ಹಾಕಿದರೂ ಒಂದೇ, ಇಲ್ಲಿ ಅವಸರ ಬೇಡ. ಕಲ್ಯಾಣೋತ್ಸವ, ಊಂಜಲ್ ಸೇವೆ, ಸಹಸ್ರ ದೀಪಾಲಂಕಾರದಂಥವು 21ರ ಬೆಳಗ್ಗೆ 10ಕ್ಕೆ, ಮೊದಲು ಬಂದವರಿಗೆ.

ಸುಪ್ರಭಾತದ ಟಿಕೆಟ್ ಬೆಲೆ ಬರೀ 120 ರೂಪಾಯಿ. ಬೆಲೆ ನೋಡಿ ಮೋಸ ಹೋಗಬೇಡಿ, ಇದಕ್ಕಿಂತ ಕಷ್ಟದ ಟಿಕೆಟ್ ಅಲ್ಲಿ ಸಿಗುವುದಿಲ್ಲ. ಹನ್ನೊಂದು ತಿಂಗಳು ಬಿಡದೆ ಹೆಸರು ಹಾಕಿದೆ. ಒಂಬತ್ತನೇ ತಿಂಗಳು ಬಂದಿತ್ತು! ಆದರೆ ನಾನು ಲಾಗಿನ್ ಆಗಿದ್ದು ಮಗನ ನಂಬರಿನಿಂದ. ಎಸ್‌ಎಂಎಸ್ ಅವನಿಗೆ ಹೋಗಿದೆ, ಅವನು ನೋಡಿಲ್ಲ. ಆಯ್ಕೆಯಾದವರು 22ರ ಮಧ್ಯಾಹ್ನ 12ರೊಳಗೆ ದುಡ್ಡು ಕಟ್ಟಬೇಕು, ಇಲ್ಲದಿದ್ದರೆ ಕೈಬಿಟ್ಟ ಹಾಗೆ. ನನಗೆ ಗೊತ್ತಾಗಿದ್ದು 23ರ ಸಂಜೆ. ಹೆಂಡತಿ ಎರಡು ದಿನ ನಮ್ಮಿಬ್ಬರ ಜೊತೆಯೂ ಮಾತಾಡಲಿಲ್ಲ.

ಕಲ್ಯಾಣೋತ್ಸವ ಮಾತ್ರ ಸಿಕ್ಕಿತು. ದಂಪತಿಗೆ ಸಾವಿರ ರೂಪಾಯಿ. ಬೆಳಗ್ಗೆ ಹತ್ತಕ್ಕೆ ವೈಕುಂಠಂ ಒಂದನೇ ಕಾಂಪ್ಲೆಕ್ಸ್‌ನಲ್ಲಿ ಹಾಜರಿ, ಗಂಡ ಹೆಂಡತಿ ಇಬ್ಬರ ಗುರುತಿನ ಚೀಟಿಯನ್ನೂ ಟಿಕೆಟ್‌ಗೆ ಹಿಡಿದು ನೋಡಿದರು. ಹನ್ನೆರಡರ ಹೊತ್ತಿಗೆ ಮಂಟಪದಲ್ಲಿ ನೆಲದ ಮೇಲೆ ಕೂತು ಸಂಕಲ್ಪ ಮಾಡಿದೆವು. ಶ್ರೀದೇವಿ, ಭೂದೇವಿಯರ ಜೊತೆ ತಿಮ್ಮಪ್ಪನ ಉತ್ಸವಮೂರ್ತಿ ಮಲಯಪ್ಪ ಸ್ವಾಮಿಯ ಮದುವೆ. ನಡುವೆ ತೆರೆ ಹಿಡಿದು ಇಳಿಸುವಾಗ ಪಕ್ಕದ ಅಜ್ಜಿ ತಮ್ಮದೇ ಮಗಳ ಮದುವೆಯ ಹಾಗೆ ಕಣ್ಣೊರೆಸಿಕೊಂಡರು. ಆಮೇಲೆ ದರ್ಶನ. ಬರುವಾಗ ಉತ್ತರೀಯ, ರವಿಕೆ ಕಣ, ಲಡ್ಡು ಕೊಟ್ಟರು. ನಾಲ್ಕು ಸಲದಲ್ಲಿ ಕೂತು ನೆಮ್ಮದಿಯಾಗಿ ನೋಡಿದ್ದು ಅಂದರೆ ಇದೊಂದೇ. ಕೊರತೆ ಒಂದೇ, ಅಮ್ಮನನ್ನು ಅದೇ ಟಿಕೆಟ್‌ನಲ್ಲಿ ಕರೆದುಕೊಂಡು ಹೋಗುವಂತಿಲ್ಲ.

ದೇವಸ್ಥಾನದ ಶ್ರೀವಾಣಿ ಟ್ರಸ್ಟ್‌ಗೆ ಹತ್ತು ಸಾವಿರ ದೇಣಿಗೆ ಕೊಟ್ಟು, ಮೇಲೆ 500ರ ಟಿಕೆಟ್ ತೆಗೆದುಕೊಂಡರೆ ವಿಐಪಿಗಳ ಬ್ರೇಕ್ ದರ್ಶನ ಸಿಗುತ್ತದೆ. ತಲೆಗೆ ಹತ್ತೂವರೆ ಸಾವಿರ, ಮೂವರಿಗೆ ಲೆಕ್ಕ ಹಾಕಿ ಸುಮ್ಮನಾದೆ. ಅದನ್ನು ನೋಡಿಲ್ಲ, ಹಾಗಾಗಿ ಹೇಳುವುದಿಲ್ಲ. ಏಜೆಂಟರ ದಾರಿಯನ್ನು ಮಾತ್ರ ಹತ್ತಿರದಿಂದ ನೋಡಿದೆ. ನಮ್ಮ ಬೀದಿಯವರೊಬ್ಬರು ಯಾರೋ ಏಜೆಂಟನಿಗೆ ತಲೆಗೆ 2,500 ಕೊಟ್ಟು ಮುನ್ನೂರರ ಟಿಕೆಟ್ ತರಿಸಿದರು. ವಾಟ್ಸಾಪ್‌ನಲ್ಲಿ ಬಂದ ಟಿಕೆಟ್ ನೋಡಿ ಅಂತ ನನಗೆ ತೋರಿಸಿದಾಗ ಅದರಲ್ಲಿದ್ದ ಹೆಸರು ಅವರದಲ್ಲ. ‘ಗೇಟ್‌ನಲ್ಲಿ ನೋಡಲ್ಲ ಸಾರ್’ ಅಂದಿದ್ದನಂತೆ. ಹೋಗಬೇಡಿ ಅಂದೆ, ಹೋದರು, ವಾಪಸ್ ಬಂದರು. ಆಮೇಲೆ ಆ ನಂಬರ್ ಸ್ವಿಚ್ ಆಫ್.

ಈಗ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು, ಜೊತೆಗೆ ಯಾರು ಬರುತ್ತಾರೆ ಅಂತ. ವಯಸ್ಸಾದವರು, ಮಕ್ಕಳು ಇದ್ದರೆ ಮುನ್ನೂರರ ಟಿಕೆಟ್, ವಾರದ ನಡುವಿನ ದಿನ. ಆದರೆ ಖಂಡಿತ ಬರುವವರ ಹೆಸರು ಮಾತ್ರ ಹಾಕಿ. ಗಟ್ಟಿ ಇರುವ ಇಬ್ಬರು, ಒಂದು ದಿನ ಹೆಚ್ಚುಕಮ್ಮಿಯಾದರೂ ಪರವಾಗಿಲ್ಲ ಅನ್ನುವವರು ಟೋಕನ್‌ಗೆ ಹೋಗಿ. ಗಂಡ ಹೆಂಡತಿ ಮಾತ್ರ ಅಂದರೆ 21ನೇ ತಾರೀಕು ಕಾದು ಕಲ್ಯಾಣೋತ್ಸವಕ್ಕೆ ಕೈ ಹಾಕಿ. ಡಿಪ್‌ಗೆ ಹೆಸರು ಹಾಕುತ್ತಿರಿ, ಅದನ್ನು ನಂಬಿ ರಜೆ ಹಾಕಬೇಡಿ.

ಈ ತಿಂಗಳೂ 18ಕ್ಕೆ ಹಾಕಿದ್ದೇನೆ. ಈ ಸಲ ಹೆಂಡತಿಯ ನಂಬರಿನಿಂದ.