ಮುಗಿದ ತಿಂಗಳಿನ ಬೀಗದ ಕೈ ಯಾರ ಹತ್ತಿರ? ಇಆರ್‌ಪಿನೆಕ್ಸ್ಟ್ ಮತ್ತು ಒಡೂ

ಮಂಡ್ಯದ ಒಂದು ಬೆಲ್ಲದ ಮಂಡಿ ಅಂದ್ಕೊಳ್ಳಿ. ಜೂನ್ ಲೆಕ್ಕ ಮುಗಿದು, ಜುಲೈ 20ಕ್ಕೆ ಜಿಎಸ್‌ಟಿಆರ್-3ಬಿ ತೆರಿಗೆ ರಿಟರ್ನ್ ಸಲ್ಲಿಸಿಯೂ ಆಗಿದೆ. 24ನೇ ತಾರೀಖು ಲಾರಿಯವನು ಜೂನ್ 28ರ ಬಾಡಿಗೆ ಬಿಲ್ಲು ತಂದುಕೊಟ್ಟ. ಬೀಗ ಹಾಕಿದ ಜೂನ್ ಲೆಕ್ಕಕ್ಕೆ ಇದನ್ನು ಯಾರು, ಹೇಗೆ ಹಾಕೋದು?

ಇಆರ್‌ಪಿನೆಕ್ಸ್ಟ್ 15 ಅನ್ನೋ ಲೆಕ್ಕದ ತಂತ್ರಾಂಶದಲ್ಲಿ ಬೀಗ ಹಾಕೋಕೆ `Accounts Frozen Till Date`ಗೆ ಜೂನ್ 30 ಹಾಕಿ, ಕೆಳಗೆ ಆ ಬೀಗ ದಾಟೋ ಅಧಿಕಾರಕ್ಕೆ ಒಂದು ರೋಲ್ ಆರಿಸಬೇಕು. ಆ ರೋಲ್ ಇದ್ದವರಿಗೆ ಜೂನ್ ಸದಾ ತೆರೆದೇ ಇರುತ್ತೆ. ಎಡವಟ್ಟು ಆಗೋದೇ ಇಲ್ಲಿ: ಒಂದು ದಿನದ ತುರ್ತಿಗೆ ಗುಮಾಸ್ತರಿಗೆ ರೋಲ್ ಕೊಡ್ತೀವಿ, ವಾಪಸ್ ತೆಗೆಯೋದು ಮರೀತೀವಿ.

ಇನ್ನೊಂದು ತಂತ್ರಾಂಶ ಒಡೂ 18ರಲ್ಲಿ ಮಾರಾಟ, ಖರೀದಿ, ತೆರಿಗೆಗೆ ಬೇರೆ ಬೇರೆ ಬೀಗ. ವಿನಾಯಿತಿಯನ್ನು 15 ನಿಮಿಷ ಅಥವಾ ಒಂದು ಗಂಟೆಗೆ ಅಂತ ಕೊಡಬಹುದು, ಹೊತ್ತು ಮೀರಿದರೆ ತಾನೇ ಮುಗಿಯುತ್ತೆ. `Hard Lock` ಮಾತ್ರ ಹಾಕಿದ ಮೇಲೆ ತೆಗೆಯಕ್ಕಾಗಲ್ಲ. ಆಡಿಟ್ ಮುಗಿಯೋ ತನಕ ಅದನ್ನು ಮುಟ್ಟಬೇಡಿ.

ನಿಜ ಹೇಳಬೇಕಂದ್ರೆ ಲಾರಿ ಬಿಲ್ಲಿಗೆ ಬೀಗ ತೆಗೆಯೋದೇ ಬೇಡ. ಬಿಲ್ಲಿನ ತಾರೀಖು ಜೂನ್ 28 ಇರಲಿ, ಲೆಕ್ಕದ ತಾರೀಖು ಜುಲೈ 24 ಆಗಲಿ. ಎರಡೂ ತಂತ್ರಾಂಶಗಳಲ್ಲಿ ಇವಕ್ಕೆ ಬೇರೆ ಬೇರೆ ಖಾನೆ ಇದೆ.

ಇಬ್ಬರೇ ಲೆಕ್ಕ ನೋಡೋ ಕಡೆ ಇಆರ್‌ಪಿನೆಕ್ಸ್ಟ್ ಸಾಕು, ರೋಲ್ ಮಾಲೀಕರ ಹತ್ತಿರ ಮಾತ್ರ ಇರಲಿ. ನಾಲ್ಕೈದು ಜನ ಎಂಟ್ರಿ ಹಾಕೋ ಕಡೆ ನಾನು ಒಡೂ ಅಂತೀನಿ. ಯಾವುದೇ ಆದರೂ ತಿಂಗಳಿಗೊಮ್ಮೆ ಎಂಟ್ರಿ ಸೃಷ್ಟಿಯಾದ ದಿನವನ್ನೂ ಲೆಕ್ಕದ ತಾರೀಖನ್ನೂ ಅಕ್ಕಪಕ್ಕ ಇಟ್ಟು ನೋಡಿ: ಜುಲೈ 24ಕ್ಕೆ ಹುಟ್ಟಿದ ಜೂನ್ ಎಂಟ್ರಿ ತಕ್ಷಣ ಕಣ್ಣಿಗೆ ಬೀಳುತ್ತೆ.